ಮೀಸೆ ಚಕ್ಕುಲಿ ಸಂಘ: ಮಕ್ಕಳ ಗುಟ್ಟಿನ ಕೂಟಕ್ಕೊಂದು ಹೆಸರು, ಒಂದು ಬ್ಯಾಡ್ಜ್
ನಮಸ್ಕಾರ. ಅಪಾರ್ಟ್‌ಮೆಂಟಿನ ಮಕ್ಕಳು ಕಟ್ಟಿಕೊಂಡಿರುವ ಗುಟ್ಟಿನ ಸಂಘಕ್ಕೆ ಒಳ್ಳೆಯ ಕನ್ನಡ ಹೆಸರು ಸೂಚಿಸಿ ಎಂದು ಇಲ್ಲಿ ಕೇಳಿದ್ದೀರಿ. ಹೆಸರನ್ನು ನಾವು ದೊಡ್ಡವರು ಇಟ್ಟರೆ ಅದು ಅವರ ಗುಟ್ಟಾಗಿ ಉಳಿಯುವುದಿಲ್ಲವಾದ್ದರಿಂದ, ಸಿಂಗಪುರದ ಸರ್ಕಾರಿ ವಸತಿ ಸಮುಚ್ಚಯವಾದ ನಮ್ಮ ಎಚ್‌ಡಿಬಿ ಬ್ಲಾಕಿನ ಮಕ್ಕಳು ಹೇಗೆ ಹೆಸರಿಟ್ಟುಕೊಂಡರು ಎಂಬುದನ್ನಷ್ಟೇ ತಿಳಿಸುತ್ತೇನೆ.

ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಸೇರುವ ಈ ಗುಂಪಿನಲ್ಲಿ ಕನ್ನಡದ ಮಕ್ಕಳ ಜೊತೆಗೆ ತಮಿಳು, ಚೀನೀ ಮತ್ತು ಮಲಯ ಮನೆಗಳ ಮಕ್ಕಳೂ ಇದ್ದಾರೆ. ಮೊದಲಿಗೆ ಬಂದವು ಹುಲಿ, ಸಿಂಹ, ಡ್ರ್ಯಾಗನ್ ಮುಂತಾದ ಶೂರ ಹೆಸರುಗಳು. ಆದರೆ ಹುಲಿ ಯಾರಾಗಬೇಕೆಂಬ ಜಗಳ ಮುಗಿಯಲೇ ಇಲ್ಲ. ಕೊನೆಗೆ ಒಬ್ಬಳು ತಿನ್ನುತ್ತಿದ್ದ ಚಕ್ಕುಲಿಯನ್ನು ಮೂಗಿನ ಕೆಳಗೆ ಮೀಸೆಯಂತೆ ಹಿಡಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಹೆಸರು ಅಲ್ಲೇ ನಿಂತಿತು. ಇಲ್ಲಿ ಚಕ್ಕುಲಿಯಂಥದೇ ಆದ ತಮಿಳರ ಮುರುಕ್ಕು ಎಲ್ಲರಿಗೂ ಗೊತ್ತಿರುವ ತಿಂಡಿಯಾದ್ದರಿಂದ ಚಕ್ಕುಲಿ ಎಂದರೇನೆಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಕೊನೆಯ ‘ಸಂಘ’ ಮಾತ್ರ ನಮ್ಮ ಕನ್ನಡ ಸಂಘವನ್ನು ನೋಡಿ ಮಕ್ಕಳು ಸೇರಿಸಿಕೊಂಡದ್ದು. ಅಧ್ಯಕ್ಷರು, ಖಜಾಂಚಿಗಳೂ ಇದ್ದಾರೆ! ಎಲ್ಲರ ನಾಲಿಗೆಗೂ ಹೊರಳುವ, ಯಾವ ಮಗುವಿನ ಬಣ್ಣ, ಗಾತ್ರ, ಊಟವನ್ನೂ ಹಂಗಿಸದ ಹೆಸರೇ ಬಹಳ ದಿನ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಬ್ಯಾಡ್ಜಿಗೆ ಈ ಹೆಸರು ಹೇಳಿ ಮಾಡಿಸಿದಂತಿದೆ, ಏಕೆಂದರೆ ಸುರುಳಿಯನ್ನು ಪುಟ್ಟ ಮಕ್ಕಳೂ ಬರೆಯಬಲ್ಲರು. ಸೀರಿಯಲ್ ಡಬ್ಬಿಯ ರಟ್ಟಿನ ಮೇಲೆ ಸುಮಾರು 6 ಸೆಂಟಿಮೀಟರ್ ಅಗಲದ ಮುಚ್ಚಳವಿಟ್ಟು ವೃತ್ತ ಎಳೆದು ಕತ್ತರಿಸಿ, ಕಂದು ಸ್ಕೆಚ್ ಪೆನ್ನಿನಿಂದ ಸುರುಳಿ ಬರೆದು, ನಡುವೆ ಎರಡು ಮೆಳ್ಳೆಗಣ್ಣು ಮತ್ತು ಹುರಿ ಮೀಸೆ ಇಡುತ್ತಾರೆ. ಇಲ್ಲಿನ ಸೆಕೆಗೆ ಬೆವರು ತಗಲಿ ರಟ್ಟು ಮೆತ್ತಗಾಗುವುದರಿಂದ ಎರಡೂ ಬದಿಗೆ ಅಗಲವಾದ ಪಾರದರ್ಶಕ ಟೇಪನ್ನು ಅಂಚು ದಾಟುವಂತೆ ಅಂಟಿಸಿ, ಆಮೇಲೆ ರಟ್ಟಿನ ಸುತ್ತ ಸ್ವಲ್ಪ ಟೇಪು ಉಳಿಯುವಂತೆ ಕತ್ತರಿಸಬೇಕು. ಟೇಪು ರಟ್ಟಿನ ಅಂಚಿಗೇ ನಿಂತರೆ ನೀರು ಪಕ್ಕದಿಂದ ಒಳಗಿಳಿದು ಬಣ್ಣ ಹರಡುತ್ತದೆ.

ಹಿಂಬದಿಗೆ ಪಿನ್ನಿನ ಬದಲು ಕೂದಲಿನ ಕ್ಲಿಪ್ ಅಂಟಿಸಿ. ದಾರ ಕಟ್ಟಿ ಕೊರಳಿಗೆ ಹಾಕುವುದಂತೂ ಬೇಡವೇ ಬೇಡ, ಜಾರುಬಂಡೆಯಲ್ಲೋ ಹತ್ತುವ ಕಂಬಿಯಲ್ಲೋ ಅದು ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಬ್ಯಾಡ್ಜಿನ ಮೇಲೆ ಮಗುವಿನ ಹೆಸರು, ಮನೆಯ ಸಂಖ್ಯೆ ಬರೆಯಲು ಬಿಡಬೇಡಿ. ಕಳೆದುಹೋದ ಬ್ಯಾಡ್ಜು ಯಾರ ಕೈಗಾದರೂ ಸಿಗಬಹುದು.

ಗುಟ್ಟಿನ ವಿಷಯದಲ್ಲಿ ನಾವು ತಂದೆ-ತಾಯಂದಿರು ಮಕ್ಕಳೊಂದಿಗೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಸಂಕೇತಪದ ಅವರದ್ದೇ, ನಾವು ಕೇಳುವುದಿಲ್ಲ. ಆದರೆ ಎಲ್ಲಿ ಸೇರುತ್ತಾರೆ, ಯಾರು ಯಾರು ಇರುತ್ತಾರೆ ಎಂಬುದು ನಮಗೆ ತಿಳಿದಿರಬೇಕು. ಹೊಸದಾಗಿ ಬ್ಲಾಕಿಗೆ ಬಂದ ಮಗು ಹೊರಗೆ ನಿಂತು ನೋಡುವಂತಾಗಬಾರದೆಂದು ಖಜಾಂಚಿಯ ಡಬ್ಬಿಯಲ್ಲಿ ಮೀಸೆ ಬರೆಯದ ಕೆಲವು ಬ್ಯಾಡ್ಜುಗಳು ಸದಾ ಇರುತ್ತವೆ, ಮೀಸೆಯನ್ನು ಬಂದವರೇ ಬರೆದುಕೊಳ್ಳುತ್ತಾರೆ.