ಅಪ್ಪನ ಹೆಸರಿನ ಫರ್ಮ್‌ಗೆ ಹೊಸ ಹೆಸರು, ಮಾಡಿದವ್ರು ಯಾರಾದ್ರೂ ಇದೀರಾ?

ಕೇಳಿದ್ದು: ಅಪ್ಪ ಕಟ್ಟಿದ ಹಾರ್ಡ್‌ವೇರ್ ಹೋಲ್‌ಸೇಲ್ ಫರ್ಮ್, ಹೆಸರೂ ಅವರದ್ದೇ, ಕೊನೇಲಿ 'ಅಂಡ್ ಸನ್ಸ್'. ಈಗ ನೋಡ್ಕೊಳ್ತಿರೋದು ನಾನು, ನನ್ನ ತಂಗಿ. ಚಿಕ್ಕ ಹೊಸ ಹೆಸರು, ಲೋಗೋ ಮಾಡ್ಬೇಕು ಅಂತಿದೀವಿ. ಅಪ್ಪನಿಗೂ ನೋವಾಗ್ಬಾರ್ದು, ಹಳೇ ಪಾರ್ಟಿಗಳೂ ಹೋಗ್ಬಾರ್ದು.

ಒಬ್ರು: ನಾವು ಮಾಡಿದ್ದೇ ತಪ್ಪು, ಅದನ್ನೇ ಹೇಳ್ತೀನಿ. ಬೋರ್ಡು, ಬಿಲ್ ಬುಕ್ಕು, ಲೆಟರ್‌ಹೆಡ್ಡು ಎಲ್ಲಾ ಒಂದೇ ದಿನ ಬದಲಾಯಿಸಿಬಿಟ್ವಿ. ಬಿಲ್ ನೋಡ್ಕೊಂಡು ಪಾರ್ಟಿಗಳು ಹೊಸ ಹೆಸರಿಗೆ ಚೆಕ್ ಬರೆದ್ರು, ಬ್ಯಾಂಕ್ ಖಾತೆ ಹಳೇ ಹೆಸರಲ್ಲಿತ್ತು, ಚೆಕ್ಕೆಲ್ಲ ವಾಪಸ್. ಅದಾದ್ರೂ ವಾರದಲ್ಲಿ ಸರಿಹೋಯ್ತು. ದೊಡ್ಡ ಹೊಡೆತ ಬಿದ್ದಿದ್ದು ಸಪ್ಲೈಯರ್ ಕಡೆಯಿಂದ, ಅವರ ಅಕೌಂಟ್ಸ್ ಹುಡುಗ ಹೊಸ ಹೆಸರು ನೋಡಿ ಲೆಡ್ಜರ್‌ನಲ್ಲಿ ಹೊಸ ಪಾರ್ಟಿ ಓಪನ್ ಮಾಡಿದ, ಅಪ್ಪನ ಮುಖ ನೋಡಿ ಕೊಡ್ತಿದ್ದ ಉದ್ರಿ ಹೋಗಿ 'ಅಡ್ವಾನ್ಸ್ ಹಾಕಿ' ಅಂತ ಫೋನ್ ಬಂತು. ಅಪ್ಪನೇ ಹೋಗಿ ಮಾತಾಡಿ ಸರಿ ಮಾಡ್ಬೇಕಾಯ್ತು.

ಆಮೇಲೆ ಬುದ್ಧಿ ಬಂತು. ಫರ್ಮ್ ರಿಜಿಸ್ಟ್ರೇಷನ್, ಬ್ಯಾಂಕು, ಟ್ಯಾಕ್ಸ್ ಎಲ್ಲಾ ಹಳೇ ಹೆಸರಲ್ಲೇ ಬಿಟ್ವಿ. ಹೊಸ ಹೆಸರು ಬೋರ್ಡು, ಪ್ಯಾಕಿಂಗು, ವೆಬ್‌ಸೈಟಿಗೆ ಮಾತ್ರ. ಬಿಲ್ಲಲ್ಲಿ ಹೊಸ ಲೋಗೋ, ಅದರ ಕೆಳಗೆ ಅಪ್ಪನ ಹೆಸರಿರೋ ಹಳೇ ಫರ್ಮ್ ಹೆಸರು ಪೂರ್ತಿ, 'ಚೆಕ್ ಈ ಹೆಸರಿಗೇ ಬರೆಯಿರಿ' ಅಂತ. ಫೋನ್ ಎತ್ತೋ ಹುಡುಗನಿಗೆ ಒಂದು ನೋಟ್‌ಬುಕ್ ಕೊಡಿ, ಕರೆ ಮಾಡಿದವ್ರು ಯಾವ ಹೆಸರು ಹಿಡಿದು ಕೇಳ್ತಾರೋ ಬರ್ಕೊಳ್ಳಲಿ. ಹೆಚ್ಚಿನವ್ರು ಹಳೇದನ್ನೇ ಹೇಳ್ತಿರೋವರೆಗೂ ಅದನ್ನ ಕಿತ್ತು ಹಾಕ್ಬೇಡಿ.

ಇನ್ನೊಬ್ರು: ಇಷ್ಟೆಲ್ಲಾ ಯಾಕೆ ಸಾರ್, ಹೊಸ ಹೆಸರಲ್ಲಿ ಕಂಪನಿ ರಿಜಿಸ್ಟರ್ ಮಾಡ್ಸಿ, ಹೆಸರು ನಿಮ್ದೇ ಆಗೋಯ್ತು.

ಮೊದಲಿನವ್ರು: ಕಂಪನಿ ರಿಜಿಸ್ಟರ್ ಆದ ಮಾತ್ರಕ್ಕೆ ಹೆಸರಿನ ಹಕ್ಕು ಬರಲ್ಲ, ಟ್ರೇಡ್‌ಮಾರ್ಕ್ ಬೇರೆ ಅರ್ಜಿ, ಅದೂ ಯಾವ ಸರಕಿಗೆ ಅಂತ ಹೇಳಿ ಹಾಕ್ಬೇಕು. ಬೋರ್ಡ್ ಬರೆಸೋ ಮುಂಚೆ ಅಂಥ ಹೆಸರು ಬೇರೆಯವ್ರು ತಗೊಂಡಿದಾರಾ ಅಂತ ಹುಡುಕ್ಸಿ.

ಮತ್ತೊಬ್ರು: ನಮ್ದು ಉಲ್ಟಾ ಕಥೆ. ಹೊಸ ಹೆಸರಿನ ಖುಷೀಲಿ ಅಜ್ಜನ ಹೆಸರು ಬಿಟ್ವಿ, ಚಿಕ್ಕಪ್ಪನ ಮಗ ಅದೇ ಹೆಸರಲ್ಲಿ ಅಂಗಡಿ ತೆಗೆದ. ಈಗ ಹಳೇ ಗಿರಾಕಿಗಳು ಅಲ್ಲಿಗೇ ಹೋಗ್ತಾರೆ. ಅವನೂ ಮೊಮ್ಮಗನೇ ಅಲ್ವಾ, ಏನಂತ ತಡೆಯೋದು? ಗೊತ್ತಿದ್ರೆ ಯಾರಾದ್ರೂ ಹೇಳಿ.

ಮಗದೊಬ್ರು: ಜಪಾನಿನ ಮತ್ಸುಶಿಟಾ ಕಂಪನಿ ಸ್ಥಾಪಕರ ಹೆಸರು ಬಿಟ್ಟು ಪ್ಯಾನಾಸೋನಿಕ್ ಆಗಿದ್ದು 2008ರಲ್ಲಿ. ಅಷ್ಟೊತ್ತಿಗೆ ಪ್ಯಾನಾಸೋನಿಕ್ ಅನ್ನೋ ಹೆಸರು ದಶಕಗಳಿಂದ ಮಾಲಿನ ಮೇಲಿತ್ತು, ಜನಕ್ಕೆ ಬಾಯಿಪಾಠ. ನೀವೂ ಮೊದಲು ಡಬ್ಬದ ಮೇಲೆ ಹಾಕಿ ನೋಡಿ. ಅಂದಹಾಗೆ ತಂಗಿ ಪಾರ್ಟ್ನರ್ ಆಗಿರುವಾಗ 'ಸನ್ಸ್' ಅನ್ನೋದು ಹೇಗೂ ಸರಿಹೊಂದಲ್ಲ, ಮಾತು ಅಲ್ಲಿಂದ ಶುರು ಮಾಡಿದ್ರೆ ಅಪ್ಪ ಒಪ್ಬಹುದು.

ಕೇಳಿದವ್ರು: ಕೇಳ್ದೆ. 'ಸನ್ಸ್ ತೆಗೀರಿ, ನನ್ನ ಹೆಸರು ಬಿಲ್ಲಲ್ಲಿ ಇರ್ಲಿ' ಅಂದ್ರು. ಬೋರ್ಡಿನ ಮಾತು ಇನ್ನೂ ಎತ್ತಿಲ್ಲ.