1900ರ ದಿನಗಳ ಲೆಕ್ಕದಲ್ಲಿ ಒಂದು ದಿನ ಜಾಸ್ತಿ ಬರುತ್ತಿದೆ, ಸಹಾಯ ಬೇಕು

1900ರ ಜನವರಿ 1ರಿಂದ 2000ದ ಜನವರಿ 1ಕ್ಕೆ ಎಷ್ಟು ದಿನ? ನನ್ನ ಸ್ಪ್ರೆಡ್‌ಶೀಟ್ 36525 ಅನ್ನುತ್ತಿದೆ. ಕೈಲೆಕ್ಕದಲ್ಲಿ 36524.

ನಾಲ್ಕರಿಂದ ಭಾಗವಾದರೆ ಅಧಿಕ ವರ್ಷ, ಆದರೆ ನೂರರಿಂದಲೂ ಭಾಗವಾದರೆ ಅಲ್ಲ, 400ರಿಂದ ಭಾಗವಾದರೆ ಮತ್ತೆ ಹೌದು, ಅಲ್ವಾ? ಹಾಗಾದರೆ 1900 ಅಧಿಕ ವರ್ಷ ಅಲ್ಲ. 1904ರಿಂದ 1996ರವರೆಗೆ 24 ಅಧಿಕ ವರ್ಷ, 36500ಕ್ಕೆ 24 ಸೇರಿಸಿದರೆ ಮುಗಿಯಿತು. 2000 ಅಧಿಕ ವರ್ಷವೇ, ಆದರೆ ಅದರ ಫೆಬ್ರವರಿ 29 ಈ ಅವಧಿಯೊಳಗೆ ಬರುವುದಿಲ್ಲ (ಮೊದಲು ನಾನೂ ಇಲ್ಲೇ ಎಡವಿದ್ದೆ).

ಸುಮ್ನೆ 1900ರ ಫೆಬ್ರವರಿ 29 ಅಂತ ಹಾಕಿ ನೋಡಿದೆ, ಇಲ್ಲದ ದಿನವನ್ನೂ ಅದು ಒಪ್ಪಿಕೊಂಡಿತು! ಮಾರ್ಚ್ 1ರಿಂದ ಎಣಿಸಿದರೆ ಮಾತ್ರ ಎರಡೂ ಲೆಕ್ಕ 36465ಕ್ಕೆ ಸರಿಹೋಗುತ್ತವೆ.

ಆ ವರ್ಷದ ಜನವರಿ, ಫೆಬ್ರವರಿಯಿಂದ ಶುರುವಾಗುವ ಸಾಲುಗಳಿಗೆ ಒಂದು ದಿನ ಕಳೆದರೆ ಸಾಕಾ, ಬೇರೆ ದಾರಿ ಇದೆಯಾ?