‘ಸಾಲಿನಲ್ಲಿ’ ಎಂಬುದಕ್ಕೆ ಬಾಯಲ್ಲಿ ಹೇಳುವಂಥ ಮಾತು ಯಾವುದು? ರವಿವಾರದೊಳಗೆ ಬೇಕು

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ಮೀನು ಮಾರುವ ಹೆಂಗಸರ ಸಹಕಾರಿ ಸಂಘವೊಂದರ ಅಧ್ಯಕ್ಷೆ. ಈ ರವಿವಾರ ವಾರ್ಷಿಕ ಸಭೆ. ಅವರ ಭಾಷಣವನ್ನು ಸಂಘದ ಲೆಕ್ಕ ನೋಡುವವರು ಬರೆದುಕೊಟ್ಟಿದ್ದಾರೆ. ಕಾಗದದಲ್ಲಿ ನೋಡಿದರೆ ಒಂದು ತಪ್ಪಿಲ್ಲ. ನಿನ್ನೆ ರಾತ್ರಿ ಅತ್ತೆ ಗಟ್ಟಿಯಾಗಿ ಓದಿ ನೋಡಿದರು. ಮೊದಲ ಪುಟದಲ್ಲೇ ಮೂರು ಕಡೆ ತಡವರಿಸಿದರು. ಮನೆಯಲ್ಲಿ ನಾವು ಕೊಂಕಣಿ ಆಡುವವರು. ಆದರೆ ಅತ್ತೆ ಮಾರ್ಕೆಟ್ಟಿನಲ್ಲಿ ದಿನವಿಡೀ ಕನ್ನಡದಲ್ಲೇ ವ್ಯಾಪಾರ ಮಾಡುತ್ತಾರೆ. ಮಾತಿಗೆ ತಡವರಿಸುವವರಲ್ಲ.

ಅವರು ಎರಡು ಸಲ ನಿಂತ ವಾಕ್ಯ ಇದು:

“2024-25ನೇ ಸಾಲಿನಲ್ಲಿ ಮುಂಗಾರು ಅವಧಿಯ ಮೀನುಗಾರಿಕೆ ನಿಷೇಧದಿಂದ ಸದಸ್ಯರ ಆದಾಯದಲ್ಲಿ ಉಂಟಾದ ಕುಸಿತವನ್ನು ಗಮನದಲ್ಲಿರಿಸಿಕೊಂಡು, ಸಂಘದ ವತಿಯಿಂದ ವಿತರಿಸಲಾದ ಸಾಲದ ಮರುಪಾವತಿ ಅವಧಿಯನ್ನು ಮೂರು ತಿಂಗಳ ಕಾಲ ವಿಸ್ತರಿಸಲಾಗಿದ್ದು, ಸದರಿ ಸೌಲಭ್ಯವನ್ನು 64 ಸದಸ್ಯರು ಪಡೆದುಕೊಂಡಿರುತ್ತಾರೆ.”

ಮುಂದಿನ ಪುಟದಲ್ಲಿ “ಕಳೆದ ಸಾಲಿನ ಸಾಲದ ಬಾಕಿ” ಅಂತ ಬರುತ್ತದೆ. ಅದನ್ನು ಕೇಳಿ ನಮ್ಮ ಮನೆಯವರು “ಯಾವ ಸಾಲ, ಯಾರ ಸಾಲ?” ಅಂದರು. ‘ಸಾಲಿನಲ್ಲಿ’ ಎಂಬ ಜಾಗಕ್ಕೆ ಒಂದು ಒಳ್ಳೆಯ ಪದ ಹೇಳಿ. ಶನಿವಾರ ಕೂತು ತಿದ್ದಬೇಕು.

ಶಿರಸಿಯಿಂದ, ನಿವೃತ್ತ ಮಾಸ್ತರರು:

‘ಸಾಲು’ ಅಚ್ಚ ಕನ್ನಡ. ಒಂದರ ಹಿಂದೆ ಒಂದು ವರ್ಷ ಸಾಲಾಗಿ ಬರುತ್ತದೆ, ಅದಕ್ಕೇ ಸಾಲು. ಅದನ್ನು ತೆಗೆಯಬೇಡಿ. ತೆಗೆಯಬೇಕಾದ್ದು ಬೇರೆ ಇದೆ. ಅವಧಿ, ನಿಷೇಧ, ಆದಾಯ, ವಿತರಣೆ, ವಿಸ್ತರಣೆ, ಸೌಲಭ್ಯ. ಒಂದೇ ವಾಕ್ಯದಲ್ಲಿ ಇಷ್ಟು ಸಂಸ್ಕೃತ ಇದ್ದರೆ ಯಾರ ನಾಲಿಗೆಯೂ ನಿಲ್ಲುತ್ತದೆ. ನಿಷೇಧಕ್ಕೆ ‘ತಡೆ’ ಅನ್ನಿ, ಆದಾಯಕ್ಕೆ ‘ಗಳಿಕೆ’, ಅವಧಿಗೆ ‘ಹೊತ್ತು’. ಕನ್ನಡ ಪದ ಬಂದರೆ ಮಾತು ತಾನಾಗಿ ಸರಿಹೋಗುತ್ತದೆ.

ಕುಮಟಾದಿಂದ:

ಈ ‘ಸಾಲು’ ಅಚ್ಚ ಕನ್ನಡ ಅಲ್ಲವೇ ಅಲ್ಲ. ಮರದ ಸಾಲು, ಎತ್ತಿನ ಸಾಲು ಕನ್ನಡ, ಒಪ್ಪಿದೆ. ಲೆಕ್ಕದ ಪುಸ್ತಕದ ‘ಸಾಲು’ ಪಾರಸಿಯ ‘ಸಾಲ್’. ಅಂದರೆ ವರ್ಷ. ಮರಾಠಿಯಲ್ಲಿ ಇವತ್ತಿಗೂ ‘ಸಾಲ್’ ಅಂದರೆ ವರ್ಷವೇ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತು. ಇಲ್ಲಿಯ ಕಚೇರಿ ಕನ್ನಡದಲ್ಲಿ ಬಾಕಿ, ವಸೂಲಿ, ಠರಾವು, ತಗಾದೆ ಎಲ್ಲ ಹೇಗೆ ಬೇರೂರಿದವು ಅಂತ ಮಾಸ್ತರರೇ ಯೋಚಿಸಲಿ.

ಶಿರಸಿಯಿಂದ, ಮಾಸ್ತರರು:

ಸಾಲು ಪಾರಸಿ ಆದರೆ ‘ಇಸವಿ’ ಅನ್ನಿ, ಮುಗಿಯಿತು.

ಕುಮಟಾದಿಂದ:

‘ಇಸವಿ’ ಅರಬ್ಬಿ. ಈಸಾನ ಹೆಸರಿನಿಂದ ಬಂದದ್ದು.

ಹೊನ್ನಾವರದಿಂದ:

ಅವರು ಕೇಳಿದ್ದು ಪದ ಎಲ್ಲಿಂದ ಬಂತು ಅಂತ ಅಲ್ಲ, ಕಿವಿಗೆ ಹೇಗೆ ಕೇಳುತ್ತದೆ ಅಂತ. ನಾನು ಸುಮಾರು ವರ್ಷ ರೇಡಿಯೋಗೆ ಬರೆದವನು. ಅಲ್ಲಿ ಕೇಳುವವರಿಗೆ ಹಿಂದಿನ ಸಾಲಿಗೆ ಕಣ್ಣು ಹಾಯಿಸಲು ಆಗುವುದಿಲ್ಲ. ಸಭೆಯಲ್ಲೂ ಅಷ್ಟೇ.

ಮೊದಲು ‘ಸಾಲಿನಲ್ಲಿ’. ಇದಕ್ಕೆ ಒಂದೇ ಪದದ ಬದಲಿ ಹುಡುಕಬೇಡಿ. ‘ಹೋದ ವರ್ಷ’ ಅಂದರೆ ಸಾಕು ಅನ್ನಿಸುತ್ತದೆ, ಆದರೆ ಸಭೆ ನಡೆಯುವುದು ಸೆಪ್ಟೆಂಬರಿನಲ್ಲಿ. ಲೆಕ್ಕ ಮುಗಿದದ್ದು ಮಾರ್ಚಿಗೆ. ಕೂತವರಲ್ಲಿ ಅರ್ಧ ಜನ ಹೋದ ಜನವರಿಯಿಂದ ಡಿಸೆಂಬರ್ ಅಂದುಕೊಳ್ಳುತ್ತಾರೆ, ಉಳಿದವರು ಹೋದ ಮಳೆಗಾಲದಿಂದ ಈಚೆಗೆ ಅಂದುಕೊಳ್ಳುತ್ತಾರೆ. ಅದಕ್ಕೆ ಶುರುವಿನಲ್ಲೇ ಒಂದು ಸಲ ಬಿಡಿಸಿ ಹೇಳಿಬಿಡಿ: “ಹೋದ ವರ್ಷದ ಏಪ್ರಿಲ್‌ನಿಂದ ಈ ವರ್ಷದ ಮಾರ್ಚ್‌ವರೆಗಿನ ಲೆಕ್ಕ ಹೇಳುತ್ತೇನೆ.” ಆಮೇಲೆ ಭಾಷಣದುದ್ದಕ್ಕೂ ‘ಲೆಕ್ಕದ ವರ್ಷ’ ಅನ್ನಿ. ಸಾಲದ ಪಕ್ಕ ಸಾಲು ಬರುವುದು ತಪ್ಪುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡ ತೊಂದರೆ, ಯಾರೂ ಹೇಳಲಿಲ್ಲ. ‘ಪಡೆದುಕೊಂಡಿರುತ್ತಾರೆ’. ಕಚೇರಿ ಕಾಗದದಲ್ಲಿ ಇದರ ಅರ್ಥ ‘ಪಡೆದಿದ್ದಾರೆ’. ಬಾಯಿಮಾತಿನಲ್ಲಿ ಹಾಗಲ್ಲ. “ಅವರು ಊಟ ಮಾಡಿರುತ್ತಾರೆ” ಅಂದರೆ ನಮ್ಮ ಮನೆಗಳಲ್ಲಿ ‘ಮಾಡಿರಬೇಕು, ನನಗೆ ಖಾತ್ರಿ ಇಲ್ಲ’ ಅಂತ. ಅಧ್ಯಕ್ಷರೇ ನಿಂತು “64 ಸದಸ್ಯರು ಪಡೆದುಕೊಂಡಿರುತ್ತಾರೆ” ಅಂದರೆ ಇವರಿಗೇ ಲೆಕ್ಕ ಗೊತ್ತಿಲ್ಲ ಅಂತ ಕೇಳಿಸುತ್ತದೆ. ಇಡೀ ಭಾಷಣದಲ್ಲಿ ‘ಇರುತ್ತದೆ, ಇರುತ್ತಾರೆ’ ಎಲ್ಲೆಲ್ಲಿ ಇದೆ ಗುರುತು ಹಾಕಿಕೊಳ್ಳಿ. ಆದದ್ದನ್ನು ಹೇಳುವ ಕಡೆಯೆಲ್ಲ ‘ಇದೆ, ಇದ್ದಾರೆ’ ಮಾಡಿ. ನೇರವಾಗಿ ‘ಪಡೆದರು’ ಅಂದರೆ ಇನ್ನೂ ಒಳ್ಳೆಯದು.

ಮೂರನೆಯದು, ವಾಕ್ಯದ ಕಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆ ವಾಕ್ಯದಲ್ಲಿ ಏನಾಯಿತು ಅಂತ ತಿಳಿಯುವ ಮೊದಲು ಕೇಳುವವರು ನಿಷೇಧ, ಕುಸಿತ, ಗಮನ, ಸಾಲ, ಅವಧಿ ಅಷ್ಟನ್ನೂ ತಲೆಯಲ್ಲಿ ಹೊತ್ತು ಕಾಯಬೇಕು. ಮೇಲಾಗಿ ‘ವಿಸ್ತರಿಸಲಾಗಿದ್ದು’ ಅಂದರೆ ಯಾರು ವಿಸ್ತರಿಸಿದ್ದು? ಮಾಡಿದವರೇ ಮುಂದೆ ನಿಂತು ಮಾತಾಡುತ್ತಿದ್ದಾರೆ, ಅವರ ಬಾಯಲ್ಲಿ ‘ನಾವು’ ಬರಲಿ.

ಮಾಸ್ತರರ ‘ತಡೆ’ ಬೇಡ. “ಮೀನುಗಾರಿಕೆ ತಡೆ” ಅಂತ ಕೇಳಿದರೆ ಯಾರೋ ‘ಸ್ವಲ್ಪ ತಡಿ’ ಅಂದಂತೆ ಇರುತ್ತದೆ. ಅಲ್ಲಿ ಕೂತ ಹೆಂಗಸರು ಅದಕ್ಕೆ ಏನನ್ನುತ್ತಾರೆ, ಅದನ್ನೇ ಹಾಕಿ.

ಅಂಕೋಲಾದಿಂದ:

‘ಬೋಟ್ ಬಂದ್’ ಅನ್ನುತ್ತಾರೆ. ಬೇರೇನೂ ಅನ್ನುವುದಿಲ್ಲ.

ಶಿರಸಿಯಿಂದ, ಮಾಸ್ತರರು:

ಬೋಟ್ ಇಂಗ್ಲಿಷು, ಬಂದ್ ಪಾರಸಿ. ಎರಡು ಪದದಲ್ಲಿ ಒಂದಾದರೂ ನಮ್ಮದಿಲ್ಲ. ‘ದೋಣಿ’ ಸತ್ತುಹೋಯಿತೇ?

ಅಂಕೋಲಾದಿಂದ:

ಮಾಸ್ತರರೇ, ದೋಣಿ ಬೇರೆ, ಬೋಟು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಬಂದ್ ಆಗುವುದು ಯಂತ್ರದ ಬೋಟು. ನಾಡದೋಣಿಗೆ ಆ ನಿಷೇಧ ಇಲ್ಲ. ‘ದೋಣಿ ತಡೆ’ ಅಂತ ಸಭೆಯಲ್ಲಿ ಹೇಳಿದರೆ ನಾಡದೋಣಿಯವರ ಮನೆಯ ಹೆಂಗಸರು ಎದ್ದು ನಿಂತು ಕೇಳುತ್ತಾರೆ. ಪದ ಯಾರದ್ದು ಅಂತ ನೋಡುವ ಮೊದಲು ಅರ್ಥ ಸರಿ ಇದೆಯಾ ನೋಡಿ.

ಸಿದ್ದಾಪುರದಿಂದ:

ನನ್ನ ಅನುಭವ ಹೇಳುತ್ತೇನೆ. ನಾನು ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತೇನೆ. ನಮ್ಮಲ್ಲಿ ಕಾಗದವೇ ಇಲ್ಲ. ಪದ್ಯ ಮುಗಿದ ಕೂಡಲೇ ಮಾತು ಶುರು. ನಿಮ್ಮ ಅತ್ತೆ ಭಾಷಣ ಬಾಯಿಪಾಠ ಮಾಡಲಿ, ಕನ್ನಡಿ ಮುಂದೆ ಹತ್ತು ಸಲ ಹೇಳಲಿ, ಸಭಾಕಂಪ ಹೋಗುತ್ತದೆ.

ಹೊನ್ನಾವರದಿಂದ:

ಅವರಿಗೆ ಸಭಾಕಂಪ ಇಲ್ಲ, ಪ್ರಶ್ನೆ ಓದಿ. ಆ ವಾಕ್ಯವನ್ನು ಬಾಯಿಪಾಠ ಮಾಡಿದರೆ ಅದೇ ವಾಕ್ಯ ಬಾಯಿಪಾಠವಾಗಿ ಬರುತ್ತದೆ, ಅಷ್ಟೇ. ಆದರೆ ಅರ್ಥಧಾರಿಗಳಿಂದ ಕಲಿಯುವುದು ಒಂದಿದೆ. ಅವರು ಹಿಂದೆ ಹೇಳಿದ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಬರೆಯುವಾಗ ಒಂದೇ ಮಾತು ಮತ್ತೆ ಬಂದರೆ ತಪ್ಪು ಅನ್ನುತ್ತೇವೆ, ಅದಕ್ಕೇ ‘ಸದರಿ’, ‘ಮೇಲ್ಕಂಡ’ ಹುಟ್ಟಿದ್ದು. ಕೇಳುವಾಗ ‘ಸದರಿ ಸೌಲಭ್ಯ’ ಯಾವುದು ಅಂತ ಹಿಂದೆ ಹೋಗಿ ನೋಡಲು ಆಗುವುದಿಲ್ಲ ಅಲ್ವಾ? ‘ಮೂರು ತಿಂಗಳು’ ಅಂತಲೇ ಇನ್ನೊಮ್ಮೆ ಹೇಳಿ.

ಅತ್ತೆಗೆ ಕಾಗದ ಕೊಡದೆ, “ಆ ಮಳೆಗಾಲದಲ್ಲಿ ಸಂಘ ಏನು ಮಾಡಿತು?” ಅಂತ ಸುಮ್ನೆ ಕೇಳಿ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಹೇಳಿದ ಕ್ರಮದಲ್ಲೇ ಬರೆಯಿರಿ. ಆಮೇಲೆ ಹಳೆಯ ಕಾಗದ ಇಟ್ಟುಕೊಂಡು ಬಿಟ್ಟುಹೋದ ಅಂಕಿ ಮಾತ್ರ ಸೇರಿಸಿ.

ಶಿರಸಿಯಿಂದ, ಇನ್ನೊಬ್ಬರು:

ಒಂದು ಎಚ್ಚರಿಕೆ. ನಾನು ಅಡಿಕೆ ಬೆಳೆಗಾರರ ಸಣ್ಣ ಸಂಘವೊಂದರಲ್ಲಿ ಹೀಗೇ ಮಾಡಲು ಹೋಗಿ, ಇಡೀ ಭಾಷಣವನ್ನು ಹವ್ಯಕ ಮಾತಿನಲ್ಲಿ ಬರೆದೆ. ನಮ್ಮವರು ನಕ್ಕು ಚಪ್ಪಾಳೆ ತಟ್ಟಿದರು. ಹಿಂದೆ ಕೂತಿದ್ದ ಬೇರೆ ಜನದ ಸದಸ್ಯರು ಸುಮ್ಮನೆ ಕೂತಿದ್ದರು. ಆಮೇಲೆ ಒಬ್ಬರು ಬಂದು “ಇದು ನಿಮ್ಮ ಮನೆ ಸಭೆಯಾ?” ಅಂತ ಕೇಳಿದರು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಆಡುಮಾತು ಬೇಕು, ಆದರೆ ಅಲ್ಲಿ ಕೂತ ಎಲ್ಲರ ಆಡುಮಾತು ಆಗಿರಬೇಕು.

ಇನ್ನೊಂದು, ಠರಾವು ಓದುವಾಗ ಒಂದಕ್ಷರ ಬದಲಾಯಿಸಬೇಡಿ. ಅದು ಪುಸ್ತಕದಲ್ಲಿ ಇದ್ದ ಹಾಗೇ ಇರಲಿ, ‘ಲಾಗಿದೆ’ ಇದ್ದರೂ ಸರಿ. ಓದಿ ಮುಗಿಸಿ, “ಅಂದರೆ ಏನು ಅಂದ್ರೆ” ಅಂತ ಎರಡು ಮಾತಿನಲ್ಲಿ ಬಿಡಿಸಿ ಹೇಳಲಿ.

ಕಾರವಾರದಿಂದ:

ಎಲ್ಲರಿಗೂ ಉಪಕಾರ. ನಿನ್ನೆ ರೆಕಾರ್ಡ್ ಮಾಡಿದೆವು. ಅತ್ತೆ ಹೇಳಿದ್ದು ಮುಕ್ಕಾಲು ಪಾಲು ಹಾಗೇ ಇದೆ:

“ಮಳೆಗಾಲದಲ್ಲಿ ಎರಡು ತಿಂಗಳು ಬೋಟ್ ಬಂದ್ ಇತ್ತು. ಬೋಟ್ ಬಂದ್ ಆದರೆ ನಮ್ಮ ಬುಟ್ಟಿ ಖಾಲಿ. ಆಗ ಸಾಲದ ಕಂತು ಎಲ್ಲಿಂದ ಕಟ್ಟುವುದು? ಅದಕ್ಕೆ ನಾವು ಕಮಿಟಿಯವರು ಕೂತು ಮಾತಾಡಿದೆವು. ಕಂತು ಕಟ್ಟಲು ಮೂರು ತಿಂಗಳು ಜಾಸ್ತಿ ಕೊಟ್ಟೆವು. ಅರವತ್ನಾಲ್ಕು ಜನ ಆ ಮೂರು ತಿಂಗಳು ತಗೊಂಡರು.”

ಅಂಕಿಯನ್ನೆಲ್ಲ ಅಕ್ಷರದಲ್ಲಿ ಬರೆದೆ. 18,47,650 ಅಂತ ಇದ್ದಲ್ಲಿ ಅತ್ತೆ ಪ್ರತಿ ಸಲ ಅಂಕೆ ಎಣಿಸುತ್ತಿದ್ದರು. ಈಗ “ಹದಿನೆಂಟೂವರೆ ಲಕ್ಷಕ್ಕೆ ಸ್ವಲ್ಪ ಕಮ್ಮಿ” ಅಂತ ಇದೆ. ಪೂರ್ತಿ ಅಂಕಿ ಅಚ್ಚಾದ ವರದಿಯಲ್ಲಿ ಇದ್ದೇ ಇದೆ.

ಒಂದು ಮಾತ್ರ ಉಳಿದಿದೆ. ನಾನು ‘ಕೊಟ್ಟೆವು’ ಅಂತ ಬರೆದರೆ ಅತ್ತೆ ‘ಕೊಟ್ವಿ’ ಅಂತ ಓದುತ್ತಾರೆ. ಕಾಗದದಲ್ಲೂ ‘ಕೊಟ್ವಿ’ ಅಂತ ಬರೆಯಲಾ?

ಹೊನ್ನಾವರದಿಂದ:

ಬೇಡ. ‘ಕೊಟ್ಟೆವು’ ಇರಲಿ, ಬಾಯಿ ತಾನೇ ಮೊಟಕು ಮಾಡಿಕೊಳ್ಳುತ್ತದೆ. ಮೊಟಕು ರೂಪವನ್ನು ಬರೆದರೆ ಓದುವಾಗ ಕಣ್ಣು ಎಡವುತ್ತದೆ.

ಅಂಕೋಲಾದಿಂದ:

ನನಗೆ ಹಾಗನ್ನಿಸುವುದಿಲ್ಲ. ಅವರ ಬಾಯಲ್ಲಿ ಬರುವುದನ್ನೇ ಬರೆಯಿರಿ. ಓದುವವರು ಅವರು, ನಾವಲ್ಲ.

ಶಿರಸಿಯಿಂದ, ಮಾಸ್ತರರು:

‘ಕಮಿಟಿ’ ಯಾಕೆ ಉಳಿಸಿದಿರಿ?

ಕಾರವಾರದಿಂದ:

ಮಾಸ್ತರರೇ, ‘ಆಡಳಿತ ಮಂಡಳಿ’ ಅಂತ ಬರೆದಿದ್ದೆ. ಅತ್ತೆ ಅದನ್ನು ಓದಿ, “ಇದು ಯಾರು, ನಾವೇಯಾ?” ಅಂತ ಕೇಳಿದರು.